ನೆತ್ತಿಯ ಫೋಟೋದಲ್ಲಿ ಕಾಣುವುದು ಹೊಸ ಕೂದಲೇ?

ಮಡಿಕೇರಿಯಲ್ಲಿದ್ದೇನೆ, ಮಾರ್ಚ್‌ನಿಂದ ಕೂದಲು ಬೆಳೆಸುವ ಔಷಧಿ ಮಿನಾಕ್ಸಿಡಿಲ್ ಹಚ್ಚುತ್ತಿದ್ದೇನೆ. ಮಾರ್ಚ್‌ನ ಫೋಟೋಗೆ ಹೋಲಿಸಿದರೆ ಜುಲೈ ಫೋಟೋದಲ್ಲಿ ನೆತ್ತಿ ತುಂಬಿದಂತಿದೆ. ನಿಜವಾಗಿ ಕೂದಲು ಬಂದಿದೆಯೇ?

ಈ ಎರಡು ಫೋಟೋಗಳಿಂದ ಹಾಗೆ ತೀರ್ಮಾನಿಸಲಾಗದು. ಬೆಳಕೂ ಕೂದಲಿನ ಉದ್ದವೂ ಒಂದೇ ಆಗಿರುವ ಫೋಟೋಗಳನ್ನು ಮಾತ್ರ ಹೋಲಿಸಬಹುದು. ಫೋಟೋ ತೋರಿಸುವುದು ಕೂದಲಿನ ಸಂಖ್ಯೆಯನ್ನಲ್ಲ, ಎಳೆಗಳ ನಡುವೆ ಇಣುಕುವ ಚರ್ಮವನ್ನು. ಮಾರ್ಚ್‌ನ ನೇರ ಬಿಸಿಲು ಎಳೆಗಳ ಸಂದಿಯಲ್ಲಿ ಇಳಿದು ಚರ್ಮವನ್ನು ಬೆಳಗಿಸುತ್ತದೆ. ಜುಲೈನ ಮೋಡ ಕವಿದ ಮಂದ ಬೆಳಕಿನಲ್ಲಿ ಅದೇ ನೆತ್ತಿ ದಟ್ಟವಾಗಿ ಕಾಣುತ್ತದೆ. ಇದಲ್ಲದೆ ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ, ಎರಡು ತಿಂಗಳು ಕತ್ತರಿಸದ ತಲೆಯಲ್ಲಿ ಹೊಸದೊಂದು ಎಳೆ ಹುಟ್ಟದಿದ್ದರೂ ಇರುವ ಎಳೆಗಳೇ ಹೆಚ್ಚು ಚರ್ಮವನ್ನು ಮುಚ್ಚುತ್ತವೆ.

ಆದ್ದರಿಂದ ರಾತ್ರಿ ಪರದೆ ಎಳೆದು, ಅದೇ ಟ್ಯೂಬ್‌ಲೈಟಿನ ಕೆಳಗೆ ಅದೇ ಕುರ್ಚಿಯಲ್ಲಿ ಕುಳಿತು, ಫ್ಲ್ಯಾಶ್ ಇಲ್ಲದೆ, ಅಷ್ಟೇ ದೂರದಿಂದ ಫೋಟೋ ತೆಗೆಸಿಕೊಳ್ಳಿ. ಪ್ರತಿ ತಿಂಗಳೂ ಒಂದೇ ಅಳತೆಗೆ ಕೂದಲು ಕತ್ತರಿಸಿದ ಮೂರನೆಯ ದಿನವಾದರೆ ಉದ್ದವೂ ಸಮನಾಗಿರುತ್ತದೆ. ನಮ್ಮ ಮಳೆಗಾಲದಲ್ಲಿ ಕೂದಲು ಬುಡದವರೆಗೆ ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುವುದು ಅಗತ್ಯ, ಏಕೆಂದರೆ ಒದ್ದೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ನೆತ್ತಿ ಬೋಳಾದಂತೆ ತೋರುತ್ತದೆ.

ಹೋಲಿಸುವಾಗ ಮೊದಲು ಕಿವಿಯ ಬಣ್ಣವನ್ನು ನೋಡಿ: ಅದು ಎರಡು ಫೋಟೋಗಳಲ್ಲಿ ಬೇರೆಯಾಗಿದ್ದರೆ ಬೆಳಕು ಬದಲಾಗಿದೆ, ಆ ಜೋಡಿಯನ್ನು ಕೈಬಿಡಿ. ಬಣ್ಣ ಒಂದೇ ಆಗಿದ್ದು, ಒಂದೇ ಕಡೆ ತೆಗೆದ ಬೈತಲೆಯ ಗೆರೆ ಕಿರಿದಾಗಿದ್ದರೆ ಅದನ್ನು ನಂಬಬಹುದು.