ಮದುಮಗಳ ಮೇಕಪ್ ಪ್ಯಾಕೇಜ್: ಕ್ಯಾಪ್ಷನ್‌ನಲ್ಲಿ ಏನು ಬರೆಯಬೇಕು?

ಪ್ರಶ್ನೆ: ಹೊಸದಾಗಿ ಬ್ಯೂಟಿ ಪಾರ್ಲರ್ ತೆರೆದಿದ್ದೇನೆ. ಮದುಮಗಳ ಮೇಕಪ್ ಪ್ಯಾಕೇಜಿಗೆ ಇನ್‌ಸ್ಟಾಗ್ರಾಂ ಕ್ಯಾಪ್ಷನ್ ಬೇಕು. ಟ್ರಯಲ್, ಮೂರು ದರ, ಮುಂಗಡ ಎಲ್ಲವೂ ಬರಬೇಕು. ಹೇಗೆ ಬರೆಯಲಿ?

ಹಾಸನದಲ್ಲಿ ಹನ್ನೊಂದು ವರ್ಷದಿಂದ ಪಾರ್ಲರ್ ನಡೆಸುತ್ತಿದ್ದೇನೆ. ಮೊದಮೊದಲು ನಾನೂ ‘ನಿಮ್ಮ ಕನಸಿನ ದಿನಕ್ಕೆ ನಮ್ಮ ಕೈಚಳಕ, ದರಕ್ಕೆ ಮೆಸೇಜ್ ಮಾಡಿ’ ಎಂದೇ ಹಾಕುತ್ತಿದ್ದೆ. ಮೆಸೇಜುಗಳೇನೋ ಬರುತ್ತಿದ್ದವು, ‘ಎಷ್ಟು?’ ಎಂಬ ಒಂದೇ ಪದದಲ್ಲಿ. ದರ ಹೇಳಿದ ಮೇಲೆ ಹೆಚ್ಚಿನವರು ಸುಮ್ಮನಾಗುತ್ತಿದ್ದರು.

ಅದಕ್ಕಿಂತ ದೊಡ್ಡ ಪಾಠ ಒಂದು ಮದುವೆಯಲ್ಲಿ ಸಿಕ್ಕಿತು. ‘ಮದುವೆ ಮೇಕಪ್ 9,000’ ಎಂದು ಬರೆದಿದ್ದೆ. ಶನಿವಾರ ಸಂಜೆ ಆರತಕ್ಷತೆಗೆ ಮೇಕಪ್ ಮುಗಿಸಿ ಬ್ರಷ್‌ಗಳನ್ನು ಒರೆಸಿಡುತ್ತಿದ್ದಾಗ ಹುಡುಗಿಯ ತಾಯಿ ಬಂದು, “ಬೆಳಗ್ಗೆ ನಾಲ್ಕಕ್ಕೇ ಬಂದುಬಿಡಮ್ಮ, ಮುಹೂರ್ತ ಬೇಗ ಇದೆ” ಎಂದರು. ನನ್ನ ಲೆಕ್ಕದಲ್ಲಿ 9,000 ಅಂದರೆ ಒಂದು ಸಲದ ಮೇಕಪ್, ಅವರ ಲೆಕ್ಕದಲ್ಲಿ ಇಡೀ ಮದುವೆ. ಮಾರನೆಯ ಬೆಳಗ್ಗೆ ನಾನು ಬೇರೊಬ್ಬ ಮದುಮಗಳಿಗೆ ಮಾತು ಕೊಟ್ಟಾಗಿತ್ತು. ಸಹಾಯಕಿಯನ್ನು ಕಳಿಸಿ ಹೇಗೋ ನಿಭಾಯಿಸಿದೆ, ಆದರೆ ಆ ಮನೆಯವರು ಮತ್ತೆ ನನ್ನ ಕಡೆ ಸುಳಿಯಲಿಲ್ಲ. ತಪ್ಪು ನನ್ನದೇ. ನಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಮುಹೂರ್ತ ಇರುವುದರಿಂದ ದರವನ್ನು ‘ಮದುವೆಗೆ ಇಷ್ಟು’ ಎನ್ನದೆ, ಎಷ್ಟು ಸಲದ ಮೇಕಪ್ ಎಂದು ಎಣಿಸಿ ಬರೆಯಬೇಕು.

ಈಗ ನಾನು ಹಾಕುವುದು ಹೀಗಿದೆ. ಅಂಕಿಗಳು ನನ್ನವು, ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ:

“ಹಾಸನದಲ್ಲಿ ಮದುಮಗಳ ಮೇಕಪ್, 9,000 ರೂಪಾಯಿಯಿಂದ.
ಮುಹೂರ್ತ ಮಾತ್ರ (ಒಂದು ಸಲ): 9,000. ಮೇಕಪ್, ಜಡೆ, ಸೀರೆ ಉಡಿಸುವುದು ಸೇರಿ.
ಆರತಕ್ಷತೆ ಮತ್ತು ಮುಹೂರ್ತ (ಎರಡು ಸಲ): 16,000.
ಎರಡೂ ಸಲ ಏರ್‌ಬ್ರಷ್: 24,000.
ಹೂವು, ಮೊಗ್ಗಿನ ಜಡೆ ಮತ್ತು ಊರಾಚೆಯ ಪ್ರಯಾಣದ ಖರ್ಚು ಬೇರೆ.
ಟ್ರಯಲ್ 1,500. ಬುಕ್ ಮಾಡಿದರೆ ಈ ಹಣ ಒಟ್ಟು ಮೊತ್ತದಲ್ಲಿ ಕಳೆಯುತ್ತೇವೆ.
ಮುಂಗಡ 4,000 ಬಂದ ಮೇಲೆಯೇ ದಿನ ಖಚಿತ. ಬಾಕಿ, ಮೇಕಪ್ ಶುರುವಾಗುವ ಮೊದಲು.
ದಿನ ಬದಲಾದರೆ, ಹೊಸ ದಿನ ನಮಗೆ ಬಿಡುವಿದ್ದಲ್ಲಿ ಅದೇ ಮುಂಗಡ ಸಾಕು. ನೀವು ರದ್ದು ಮಾಡಿದರೆ ಮುಂಗಡ ಮರಳುವುದಿಲ್ಲ. ನಮಗೆ ಬರಲಾಗದಿದ್ದರೆ ಪೂರ್ತಿ ಹಣ ವಾಪಸ್.”

ಇನ್‌ಸ್ಟಾಗ್ರಾಂ ಆರಂಭದ ಒಂದೆರಡು ಸಾಲು ಮಾತ್ರ ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ಆದ್ದರಿಂದ ಊರು ಮತ್ತು ಆರಂಭಿಕ ದರ ಮೊದಲ ಸಾಲಿನಲ್ಲೇ ಇರಲಿ. ಹೊಗಳಿಕೆ ಬೇಕಿದ್ದರೆ ಕೊನೆಗೆ ಸೇರಿಸಿಕೊಳ್ಳಿ. ನಾನಂತೂ ಸೇರಿಸುವುದಿಲ್ಲ.

ಮುಂಗಡದ ಭಾಗದಲ್ಲಿ ಕೊನೆಯ ವಾಕ್ಯವನ್ನು ಬಿಡಬೇಡಿ. ಮುಂಗಡ ಮರಳುವುದಿಲ್ಲ ಎಂದಷ್ಟೇ ಬರೆದಿದ್ದಾಗ ಜನ ಅನುಮಾನದಿಂದ ನೋಡುತ್ತಿದ್ದರು. ನಾನು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಬರೆದ ಮೇಲೆ ಆ ಅನುಮಾನ ನಿಂತಿತು.

ಟ್ರಯಲ್ ಬಗ್ಗೆ ಕ್ಯಾಪ್ಷನ್‌ನಲ್ಲಿ ಒಂದೇ ಸಾಲು ಸಾಕು, ಆದರೆ ಬಂದವರಿಗೆ ಅದರ ಕೆಲಸ ಕಾಣಬೇಕು. ಮದುವೆಗೆ ಮೂರು ನಾಲ್ಕು ವಾರ ಮೊದಲು, ಹಗಲು ಹೊತ್ತಿನಲ್ಲಿ ಕರೆಯಿರಿ, ಸೀರೆಯನ್ನೋ ರವಿಕೆಯನ್ನೋ ತರಲು ಹೇಳಿ. ಟ್ರಯಲ್‌ನ ಹಿಂದಿನ ದಿನವೇ ಫೌಂಡೇಶನ್ನನ್ನು ಕಿವಿಯ ಹಿಂದೆ ಚೂರು ಹಚ್ಚಿ ಕಳಿಸಿ. ತುರಿಕೆ, ಕೆಂಪು ಬಂದರೆ ಆ ಡಬ್ಬಿ ಅವರಿಗೆ ಬೇಡ. ಮೇಕಪ್ ಆದ ಕೂಡಲೇ ತೆಗೆಸಬೇಡಿ. ಕೆಲವು ಫೌಂಡೇಶನ್‌ಗಳು ಹಚ್ಚಿ ಒಂದೆರಡು ಗಂಟೆಗೆ ಕಪ್ಪಾಗುತ್ತವೆ, ಮೂಗಿನ ಪಕ್ಕ ಎಣ್ಣೆ ಜಿನುಗುತ್ತದೆ. ಸಂಜೆಯವರೆಗೆ ಇಟ್ಟುಕೊಂಡು, ಕಿಟಕಿಯ ಬೆಳಕಿನಲ್ಲಿ ಒಂದು, ಮೊಬೈಲ್ ಫ್ಲ್ಯಾಷ್‌ನಲ್ಲಿ ಒಂದು ಫೋಟೋ ಕಳಿಸಲು ಹೇಳಿ. ಫ್ಲ್ಯಾಷ್‌ನಲ್ಲಿ ಕಣ್ಣಿನ ಕೆಳಗೆ ಬಿಳಿ ಮಚ್ಚೆ ಕಂಡರೆ ಪೌಡರ್ ಹೆಚ್ಚಾಗಿದೆ ಅಥವಾ ಅದನ್ನೇ ಬದಲಿಸಬೇಕು. ಕನ್ನಡಿಯಲ್ಲಿ ಇದು ಕಾಣುವುದೇ ಇಲ್ಲ, ಆಲ್ಬಂ ಬಂದಾಗ ಕಾಣುತ್ತದೆ.

ಮೂರನೆಯ ದರವನ್ನು ‘ಅತ್ಯುತ್ತಮ’ ಎಂದು ಮಾರಬೇಡಿ. ಏರ್‌ಬ್ರಷ್ ತೆಳುವಾಗಿ ಕೂರುತ್ತದೆ, ಬೆವರಿಗೂ ತಡೆಯುತ್ತದೆ. ಆದರೆ ಒಣ ಚರ್ಮದ ಮೇಲೆ ಸಿಪ್ಪೆ ಎದ್ದು ಕಾಣುತ್ತದೆ, ಧಾರೆಯ ಹೊತ್ತಿನಲ್ಲಿ ಅತ್ತು ಗೆರೆ ಬಿದ್ದರೆ ಸರಿಪಡಿಸುವುದೂ ಕಷ್ಟ. ಟ್ರಯಲ್‌ನಲ್ಲಿ ಅದು ಹೊಂದದಿದ್ದರೆ ಎರಡನೆಯ ದರಕ್ಕೇ ಇಳಿಸಿ. ನನಗೆ 8,000 ಕಡಿಮೆಯಾದ ಅಂಥ ಒಬ್ಬ ಹುಡುಗಿ ತನ್ನ ಇಬ್ಬರು ತಂಗಿಯರನ್ನೂ ನನ್ನ ಬಳಿಗೇ ಕರೆತಂದಳು.