ಮೂರು ನಿಮಿಷದ ಪಾಠ, ಅರ್ಧ ನಿಮಿಷದ ಉತ್ತರ

ಮಾನ್ಯ ಸಂಪಾದಕರೇ,
ವಿಡಿಯೊ ತೆರೆಯುವಷ್ಟು ನೆಟ್‌ವರ್ಕ್ ನಮ್ಮ ಮಕ್ಕಳಿಗಿಲ್ಲವೆಂದು ಅರ್ಧ ಗಂಟೆಯ ಗಣಿತ ಪಾಠಗಳನ್ನು ಧ್ವನಿಮುದ್ರಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದೇನೆ. ಹಲವರು ಕೇಳುವುದೇ ಇಲ್ಲ. ಕೇಳಿದವರು ಕಳುಹಿಸುವ ಉತ್ತರಗಳೆಲ್ಲ ಒಂದೇ ತರಹ ಇರುತ್ತವೆ. ಏನು ಬದಲಿಸಬೇಕು?
— ಒಬ್ಬ ಗಣಿತ ಶಿಕ್ಷಕಿ

ಸಂಪಾದಕರ ಉತ್ತರ:

ಮಾನ್ಯರೇ,

ಮೊದಲು ಬದಲಾಗಬೇಕಾದದ್ದು ಪಾಠದ ಉದ್ದ. ಧ್ವನಿ ಸಂದೇಶ ನಿಮಿಷಕ್ಕೆ ಸುಮಾರು 120 ಕಿಲೋಬೈಟ್ ತೂಗುತ್ತದೆ ಎಂದು ಇಟ್ಟುಕೊಳ್ಳಿ. ಸೆಕೆಂಡಿಗೆ 5 ಕಿಲೋಬೈಟ್ ಮಾತ್ರ ಇಳಿಯುವ ದುರ್ಬಲ ಸಂಪರ್ಕದಲ್ಲಿ ಮೂರು ನಿಮಿಷದ ಸಂದೇಶ ಒಂದೂಕಾಲು ನಿಮಿಷದೊಳಗೆ ಬಂದು ಸೇರುತ್ತದೆ, ಅರ್ಧ ಗಂಟೆಯದಕ್ಕೆ ಹನ್ನೆರಡು ನಿಮಿಷ ಬೇಕು. ಅಷ್ಟು ಹೊತ್ತು ಸಂಪರ್ಕ ಕಡಿಯದೆ ಉಳಿಯುವುದು ಅಪರೂಪ, ನಡುವೆ ಕಡಿದರೆ ಪಾಠದ ಒಂದು ಮಾತೂ ಮಗುವಿಗೆ ದಕ್ಕುವುದಿಲ್ಲ. ತುಂಡು ಮಾಡಿ ಕಳುಹಿಸಿದ್ದರೆ ಬಂದಷ್ಟು ಭಾಗವನ್ನಾದರೂ ಅದು ಕೇಳಬಹುದು.

ಆದರೆ ಅರ್ಧ ಗಂಟೆಯ ಮಾತನ್ನು ಹತ್ತು ಕಡೆ ಕತ್ತರಿಸಿದರೆ ಸಾಲದು. ಪ್ರತಿ ತುಂಡೂ ಮಗುವಿನ ಕೈಗೆ ಒಂದು ಕೆಲಸ ಕೊಟ್ಟು ಮುಗಿಯಬೇಕು. 1/2 ಮತ್ತು 1/3 ಕೂಡಿಸುವ ಪಾಠವನ್ನೇ ನೋಡೋಣ. ಮೊದಲ ಸಂದೇಶದಲ್ಲಿ, ‘ಭಿನ್ನರಾಶಿ, ಭಾಗ ಒಂದು’ ಎಂದು ಹೇಳಿ, 12 ಸೆಂ.ಮೀ. ಉದ್ದದ ಎರಡು ಪಟ್ಟಿಗಳನ್ನು ಬರೆಯಿಸಿ, ಒಂದರ ಅರ್ಧಕ್ಕೂ ಇನ್ನೊಂದರ ಮೂರನೇ ಒಂದಕ್ಕೂ ಬಣ್ಣ ಹಚ್ಚಲು ಹೇಳಿ, ‘ಈಗ ನಿಲ್ಲಿಸಿ, ಬರೆದ ಮೇಲೆ ಮುಂದಿನದನ್ನು ಕೇಳಿ’ ಎಂದು ಮುಗಿಸಿ. ಎರಡನೆಯದರಲ್ಲಿ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪನ್ನು, ಅಂದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/5 ಎನ್ನುವುದನ್ನು, ಎತ್ತಿಕೊಳ್ಳಿ. 2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ ಎಂದು ಕೇಳಿ, ಯೋಚಿಸಲು ಬಿಡಿ. ಮೂರನೆಯದರಲ್ಲಿ ಎರಡೂ ಪಟ್ಟಿಗಳನ್ನು 2 ಸೆಂ.ಮೀ. ತುಂಡುಗಳಾಗಿ ಗೆರೆ ಹಾಕಿಸಿ. ಅರ್ಧದಲ್ಲಿ ಮೂರು ತುಂಡು, ಮೂರನೇ ಒಂದರಲ್ಲಿ ಎರಡು, ಒಟ್ಟು ಆರರಲ್ಲಿ ಐದು ಎಂಬುದನ್ನು ಮಗುವೇ ಎಣಿಸಿ ಕಂಡುಕೊಳ್ಳುತ್ತದೆ. ಜೊತೆಗೆ ಪಟ್ಟಿಗಳ ಒಂದೇ ಒಂದು ಚಿತ್ರವಿದ್ದರೆ ಸಾಕು. ಅದನ್ನು ಡಾಕ್ಯುಮೆಂಟ್ ಆಗಿ ಕಳುಹಿಸದೆ ಸಾಧಾರಣ ಫೋಟೊ ಆಗಿ ಕಳುಹಿಸಿ, ಆಗ ಆ್ಯಪ್ ತಾನೇ ಅದನ್ನು ಕುಗ್ಗಿಸುತ್ತದೆ.

ಇನ್ನು ಒಂದೇ ತರಹದ ಉತ್ತರಗಳ ಮಾತು. ಗುಂಪಿನಲ್ಲಿ ಒಬ್ಬರು ಹಾಕಿದ ನೋಟುಪುಸ್ತಕದ ಫೋಟೊವನ್ನು ಉಳಿದವರು ನೋಡಿ ಬರೆಯುವುದು ಸಹಜ, ಅದಕ್ಕೆ ಮಕ್ಕಳನ್ನು ದೂರಬಾರದು. 1/4 ಮತ್ತು 1/3 ಕೂಡಿಸಲು ಕೊಟ್ಟು, ಉತ್ತರ ಹೇಗೆ ಬಂತೆಂಬುದನ್ನು ಅರ್ಧ ನಿಮಿಷದ ಧ್ವನಿಯಲ್ಲಿ ನಿಮಗೊಬ್ಬರಿಗೇ ಕಳುಹಿಸಲು ಹೇಳಿ. 7/12 ಎಂಬುದನ್ನು ನಕಲು ಮಾಡಬಹುದು, ಆದರೆ ‘ಹನ್ನೆರಡು ತುಂಡು ಯಾಕೆ ಮಾಡಿದೆ’ ಎಂಬುದನ್ನು ತಿಳಿಯದೆ ವಿವರಿಸಲು ಹೋದ ಮಗು ಎಲ್ಲಿ ತಡವರಿಸುತ್ತದೆ ಎಂಬುದು ಸ್ಪಷ್ಟವಾಗಿ ಕೇಳಿಸುತ್ತದೆ. ನಾಳೆಯ ಪಾಠ ಅಲ್ಲಿಂದಲೇ ಶುರುವಾಗಬೇಕು.

ಉತ್ತರಗಳು ಗುಂಪಿಗೆ ಬರಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಚಿತ್ರ, ವಿಡಿಯೊಗಳು ತಾವಾಗಿಯೇ ಇಳಿಯದಂತೆ ವಾಟ್ಸ್‌ಆ್ಯಪ್‌ನಲ್ಲಿ ತಡೆಯಬಹುದು, ಧ್ವನಿ ಸಂದೇಶಗಳನ್ನು ತಡೆಯಲಾಗದು. ನಲವತ್ತು ಮಕ್ಕಳು ಅರ್ಧ ಅರ್ಧ ನಿಮಿಷ ಮಾತಾಡಿದರೆ ಇಪ್ಪತ್ತು ನಿಮಿಷ, ಅಂದರೆ ಸುಮಾರು 2.4 ಮೆಗಾಬೈಟ್, ಪ್ರತಿಯೊಂದು ಮನೆಯ ಫೋನಿಗೂ ಬಂದು ಬೀಳುತ್ತದೆ. ಮೂರು ನಿಮಿಷದ ಪಾಠದ ಆರು ಪಟ್ಟಿಗೂ ಮೀರಿದ ಈ ಡೇಟಾಕ್ಕೆ ಬಡ ಪೋಷಕರು ದುಡ್ಡು ತೆರಬೇಕಾಗುತ್ತದೆ. ಆದ್ದರಿಂದ ಪಾಠದ ಗುಂಪಿನಲ್ಲಿ ಅಡ್ಮಿನ್ ಮಾತ್ರ ಸಂದೇಶ ಕಳುಹಿಸುವಂತೆ ಸೆಟ್ಟಿಂಗ್ ಬದಲಿಸಿ. ಶುಭೋದಯದ ಚಿತ್ರಗಳ ನಡುವೆ ಪಾಠ ಕಳೆದುಹೋಗುವುದೂ ಇದರಿಂದ ತಪ್ಪುತ್ತದೆ.

ಯಾರು ಕೇಳಿದ್ದಾರೆಂದು ತಿಳಿಯಲು ನಿಮ್ಮ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆಯಿರಿ. ತಲುಪಿದ್ದು ಬೇರೆ, ಕೇಳಿದ್ದು ಬೇರೆ ಎಂದು ಅಲ್ಲಿ ಹೆಸರುಗಳ ಸಮೇತ ಇರುತ್ತದೆ. ತಲುಪದಿದ್ದರೆ ತೊಂದರೆ ಸಂಪರ್ಕದ್ದು. ತಲುಪಿಯೂ ಕೇಳದಿದ್ದರೆ ಫೋನು ಹಗಲೆಲ್ಲ ತಂದೆಯದೋ ತಾಯಿಯದೋ ಕೈಯಲ್ಲಿರಬಹುದು. ಮಗುವಿಗೆ ಅದು ಸಿಗುವ ಹೊತ್ತನ್ನು ಮನೆಯವರನ್ನು ಕೇಳಿ ತಿಳಿದು, ಉತ್ತರದ ಗಡುವನ್ನು ಮರುದಿನ ಸಂಜೆಗೆ ಇಡಿ.

ಇಷ್ಟಾದರೂ ತಲುಪಿದವರಲ್ಲೂ ಕೇಳಿದವರಲ್ಲೂ ಸೇರದ ಕೆಲವು ಮಕ್ಕಳು ಉಳಿಯುತ್ತಾರೆ. ಅವರಿಗೆ ಸಂದೇಶಗಳ ಸಂಖ್ಯೆ ಹೆಚ್ಚಿಸಬೇಡಿ, ಕರೆ ಮಾಡಿ. ಬೋಟ್ಸ್ವಾನಾದಲ್ಲಿ 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ವಾರಕ್ಕೊಮ್ಮೆ ಎಸ್ಸೆಮ್ಮೆಸ್ಸಿನಲ್ಲಿ ಲೆಕ್ಕ ಕಳುಹಿಸುವುದರ ಜೊತೆಗೆ 15–20 ನಿಮಿಷದ ಕರೆಯನ್ನೂ ಮಾಡಿದಾಗ ಮಕ್ಕಳ ಕಲಿಕೆ ಗಮನಾರ್ಹವಾಗಿ ಸುಧಾರಿಸಿತು, ಬರೀ ಎಸ್ಸೆಮ್ಮೆಸ್ಸಿನಿಂದ ಅಂಥ ಫಲ ಕಾಣಲಿಲ್ಲ. ಆ ಕರೆಗೆ ಇಂಟರ್ನೆಟ್ ಬೇಕಿಲ್ಲ, ಸಾದಾ ಕೀಪ್ಯಾಡ್ ಫೋನು ಸಾಕು. ಪಟ್ಟಿ ಬರೆಯಿಸುವುದರಿಂದ ಹಿಡಿದು ತುಂಡು ಎಣಿಸುವವರೆಗೆ ಮೇಲಿನ ಮೂರೂ ಭಾಗಗಳನ್ನು ಒಂದೇ ಕರೆಯಲ್ಲಿ ಮಾಡಿಸಬಹುದು.