ಹಬ್ಬದ ಇಸ್ಪೀಟಿಗೂ ಫೋನಿನ ರಮ್ಮಿಗೂ ಏನು ವ್ಯತ್ಯಾಸ?

ಪ್ರಶ್ನೆ: ನಮ್ಮದು ಮಂಡ್ಯ ಕಡೆ. ಯುಗಾದಿ, ಹೊಸತೊಡಕಿಗೆ ಮಾವನವರು, ಭಾವಂದಿರು ಎಲ್ಲ ಜಗಲಿಯಲ್ಲಿ ಕೂತು ಇಸ್ಪೀಟು ಆಡುವುದು ಮೊದಲಿಂದಲೂ ಇದೆ. ಹತ್ತು ಇಪ್ಪತ್ತು ರೂಪಾಯಿ ಆಟ. ಎರಡು ವರ್ಷದ ಹಿಂದೆ ಹಬ್ಬದಲ್ಲೇ ಯಾರೋ ಹೇಳಿಕೊಟ್ಟು ನಮ್ಮ ಯಜಮಾನರು ಫೋನಿಗೆ ರಮ್ಮಿ ಆಪ್ ಹಾಕಿಕೊಂಡರು. ಕಾನೂನು ಬಂದು ಅದು ನಿಂತಿತು ಅಂತ ಸಮಾಧಾನಪಟ್ಟೆ. ಈಗ ಯಾವುದೋ ಲಿಂಕ್ ಹಿಡಿದು ರಾತ್ರಿ ಆಡುತ್ತಾರೆ. ನನ್ನ ಸರ ಗಿರವಿ ಇಟ್ಟಿರುವುದು ಮೊನ್ನೆ ಗೊತ್ತಾಯಿತು. ಕೇಳಿದರೆ ‘ಅಪ್ಪನೂ ಆಡ್ತಾರಲ್ವಾ, ರಮ್ಮಿ ಬುದ್ಧಿವಂತಿಕೆಯ ಆಟ’ ಅನ್ನುತ್ತಾರೆ. ಇದು ಚಟವಾ? ಹಬ್ಬದ ಆಟವನ್ನೂ ನಿಲ್ಲಿಸಬೇಕಾ?
— ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಅವರನ್ನು ನೋಡದೆ ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ. ಆದರೆ ನಿಮಗೆ ಹೇಳದೆ ಒಡವೆ ಗಿರವಿ ಇಡುವ ಹಂತಕ್ಕೆ ಬಂದಿದ್ದಾರೆ ಅಂದರೆ, ಇದನ್ನು ಹಬ್ಬದ ಆಟದ ಮುಂದುವರಿಕೆ ಎಂದು ಬಿಡುವಂತಿಲ್ಲ. ಚಿಕಿತ್ಸೆ ಬೇಕಾಗುವ ಸ್ಥಿತಿ ಇದು ಎಂದೇ ನನ್ನ ಅನಿಸಿಕೆ.

ನಿಮ್ಮ ಯಜಮಾನರ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ರಮ್ಮಿಯಲ್ಲಿ ಕೌಶಲವೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಎಸೆದ ಎಲೆಗಳನ್ನು ನೆನಪಿಟ್ಟುಕೊಳ್ಳಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಪಣಕ್ಕಿಟ್ಟು ಆಡುವ ಆಟದಿಂದ ಜಾಗದ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧ ಆಗಬಹುದು ಎನ್ನುತ್ತದೆ ಆ ತೀರ್ಪು. ನಿಮ್ಮ ಜಗಲಿಗೂ ಫೋನಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ.

ಜಗಲಿಯಲ್ಲಿ ಆರು ಜನ ಕೂತು ತಲಾ 20 ರೂಪಾಯಿ ಹಾಕಿದರೆ, ಗೆದ್ದವರಿಗೆ ಪೂರ್ತಿ 120 ಸಿಗುತ್ತದೆ. ನಿಮ್ಮ ಯಜಮಾನರು ಸೋತ ದುಡ್ಡು ಅಣ್ಣನ ಜೇಬಿನಲ್ಲೋ ಮಾವನ ಜೇಬಿನಲ್ಲೋ ಇರುತ್ತದೆ. ಒಟ್ಟು ಮನೆಯ ಲೆಕ್ಕದಲ್ಲಿ ಒಂದು ರೂಪಾಯಿಯೂ ಹೊರಗೆ ಹೋಗಿರುವುದಿಲ್ಲ.

ಆಪ್‌ನಲ್ಲಿ ಪ್ರತಿ ಆಟದಲ್ಲೂ ಕಂಪನಿ ತನ್ನ ಪಾಲು ಕತ್ತರಿಸಿಕೊಳ್ಳುತ್ತದೆ. ಅದು ನೂರಕ್ಕೆ ಹತ್ತು ಎಂದಿಟ್ಟುಕೊಳ್ಳಿ. ಇಬ್ಬರು ತಲಾ 100 ಹಾಕಿದರೆ ಗೆದ್ದವನಿಗೆ ಸಿಗುವುದು 180. ಅಂದರೆ ಗೆದ್ದಾಗ ಲಾಭ 80, ಸೋತಾಗ ನಷ್ಟ 100. ಇಬ್ಬರೂ ಸಮಾನ ಆಟಗಾರರಾದರೆ 20 ಆಟದಲ್ಲಿ ಹತ್ತು ಗೆಲುವು, ಹತ್ತು ಸೋಲು. ಬಂದದ್ದು 800, ಹೋದದ್ದು 1,000. ಕೆಟ್ಟ ಎಲೆ ಬೀಳದಿದ್ದರೂ, ತಪ್ಪು ಆಡದಿದ್ದರೂ 200 ರೂಪಾಯಿ ನಷ್ಟ. ಎದುರಾಳಿಗಿಂತ ಚೆನ್ನಾಗಿ ಆಡಿ 20ಕ್ಕೆ 11 ಗೆದ್ದರೂ ಇನ್ನೂ 20 ರೂಪಾಯಿ ನಷ್ಟದಲ್ಲೇ ಇರುತ್ತಾರೆ. ಬುದ್ಧಿವಂತಿಕೆ ಇಲ್ಲ ಅಂತಲ್ಲ, ಇರುವ ಬುದ್ಧಿವಂತಿಕೆ ಕಂಪನಿಯ ಪಾಲು ತುಂಬುವುದಕ್ಕೇ ಸಾಕಾಗುವುದಿಲ್ಲ.

ಇದಕ್ಕೆ ವೇಗವನ್ನೂ ಸೇರಿಸಿ. ಆರು ಜನರ ಆಟದಲ್ಲಿ ಎಲೆ ಕಲೆಸಬೇಕು, ತಲಾ 13 ಹಂಚಬೇಕು. ಒಬ್ಬರು ಯೋಚಿಸುತ್ತಾರೆ, ಇನ್ನೊಬ್ಬರು ಕಾಫಿಗೆ ಏಳುತ್ತಾರೆ, ಪಾಯಿಂಟ್ ಲೆಕ್ಕದಲ್ಲಿ ಸಣ್ಣ ಜಗಳವೂ ಆಗುತ್ತದೆ. ಒಂದು ಆಟಕ್ಕೆ ಹತ್ತು ನಿಮಿಷ ಆರಾಮಾಗಿ ಬೇಕು. ಫೋನಿನಲ್ಲಿ ಇಬ್ಬರ ಆಟ ಮೂರು ನಿಮಿಷಕ್ಕೆ ಮುಗಿದರೆ ಗಂಟೆಗೆ 20 ಆಟ. ಮೇಲಿನ ಲೆಕ್ಕದಲ್ಲೇ ದಿನಾ ರಾತ್ರಿ ಎರಡು ಗಂಟೆ ಕಾಲ ಆಡಿದರೆ 400 ರೂಪಾಯಿ, ತಿಂಗಳಿಗೆ 12,000. ಇದು ಏನೂ ಎಡವಟ್ಟಾಗದೆ, ಸಮಾಧಾನವಾಗಿ ಆಡಿದವನ ನಷ್ಟ. ಸೋತಾಗ ಸಮಾಧಾನವಾಗಿ ಆಡುವವರು ಕಡಿಮೆ.

ಜಗಲಿಯ ಆಟ ತಾನಾಗೇ ನಿಲ್ಲುತ್ತದೆ ಎನ್ನುವುದನ್ನೂ ಗಮನಿಸಿ. ಚಿಲ್ಲರೆ ಖಾಲಿಯಾಗುತ್ತದೆ, ಊಟಕ್ಕೆ ಎಲೆ ಹಾಕುತ್ತಾರೆ, ಮಾವನವರು ‘ಸಾಕು ಏಳ್ರೋ’ ಅನ್ನುತ್ತಾರೆ. ಸೋಲುತ್ತಿರುವವನ ಮುಖ ಎಲ್ಲರಿಗೂ ಕಾಣುತ್ತದೆ. ಮರುದಿನ ಕೆಲಸಕ್ಕೆ ಹೋದರೆ ಮುಂದಿನ ಆಟ ಮುಂದಿನ ಹಬ್ಬಕ್ಕೆ. ನಿಲ್ಲಿಸಬೇಕು ಎಂದು ಯಾರೂ ಗಟ್ಟಿ ಮನಸ್ಸು ಮಾಡಬೇಕಾಗಿಲ್ಲ. ಫೋನಿನಲ್ಲಿ ಇದ್ಯಾವುದೂ ಇಲ್ಲ. ದುಡ್ಡು ಹಾಕುವುದು ಕ್ಷಣದ ಕೆಲಸ, ವಾಪಸ್ ತೆಗೆಯುವುದು ನಿಧಾನ. ಬೋನಸ್ ಅಂತ ಕೊಟ್ಟ ದುಡ್ಡು ಕೈಗೆ ಬರಬೇಕಾದರೆ ಇನ್ನಷ್ಟು ಆಡಬೇಕು. ಪಕ್ಕದಲ್ಲಿ ಮಲಗಿದ ಹೆಂಡತಿಗೂ ಗೊತ್ತಾಗುವುದಿಲ್ಲ. ಹಬ್ಬದಲ್ಲಿ ಆಡುತ್ತಿದ್ದ ಅದೇ ಮನುಷ್ಯ, ಅದೇ ರಮ್ಮಿ. ತಡೆಗಳು ಮಾತ್ರ ಮಾಯವಾಗಿವೆ. ಅಪ್ಪ ಮೂವತ್ತು ವರ್ಷ ಆಡಿಯೂ ಚಟಕ್ಕೆ ಬೀಳದೆ, ಮಗ ಎರಡು ವರ್ಷದಲ್ಲಿ ಬಿದ್ದರೆ ಅದು ಮಗನ ಗುಣ ಕೆಟ್ಟಿದ್ದರಿಂದ ಎಂದುಕೊಳ್ಳಬೇಡಿ.

ಈಗ ಚಟವನ್ನು ಗುರುತಿಸುವ ವಿಷಯ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಜೂಜಿನ ಚಟಕ್ಕೆ ಒಂಬತ್ತು ಲಕ್ಷಣಗಳಿವೆ. ಒಂದು ವರ್ಷದಲ್ಲಿ ನಾಲ್ಕೋ ಹೆಚ್ಚೋ ಕಂಡರೆ ಕಾಯಿಲೆ ಎಂದು ಪರಿಗಣಿಸುತ್ತೇವೆ. ಎಲ್ಲವನ್ನೂ ಹೇಳುವ ಬದಲು, ನೀವೇ ಮನೆಯಲ್ಲಿ ನೋಡಬಹುದಾದ ಒಂದನ್ನು ಬಿಡಿಸಿ ಹೇಳುತ್ತೇನೆ. ನನ್ನ ಅನುಭವದಲ್ಲಿ ಅದೇ ಎಲ್ಲಕ್ಕಿಂತ ಸ್ಪಷ್ಟ. ಕಳೆದುಕೊಂಡದ್ದನ್ನು ವಾಪಸ್ ಪಡೆಯಲು ಮತ್ತೆ ದುಡ್ಡು ಹಾಕುವುದು.

ಯಜಮಾನರ ಒಪ್ಪಿಗೆ ಪಡೆದು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಮೊತ್ತ ನೋಡುವ ಮೊದಲು ಸಮಯ ನೋಡಿ. ಯುಪಿಐ ಆಪ್‌ನ ಹಿಸ್ಟರಿಯಲ್ಲಿ ಗಂಟೆ, ನಿಮಿಷ ಸಿಗುತ್ತದೆ. ಒಂದು ರಾತ್ರಿ ಹೀಗಿರಬಹುದು: 10.50ಕ್ಕೆ 300 ರೂಪಾಯಿ, 11.25ಕ್ಕೆ ಮತ್ತೆ 300, 11.40ಕ್ಕೆ 500, 11.48ಕ್ಕೆ 1,000, 11.53ಕ್ಕೆ 2,000. ನಡುವಿನ ಅಂತರ ಕಡಿಮೆಯಾಗುತ್ತಾ ಬರುತ್ತದೆ, ಮೊತ್ತ ಏರುತ್ತಾ ಹೋಗುತ್ತದೆ. 12.10ಕ್ಕೆ ಸ್ನೇಹಿತನಿಂದ 3,000 ಒಳಗೆ ಬರುತ್ತದೆ, 12.11ಕ್ಕೆ ಹೊರಗೆ ಹೋಗುತ್ತದೆ. ಆಟದ ಖುಷಿಗೆ ದುಡ್ಡು ಹಾಕುವವನ ಸ್ಟೇಟ್‌ಮೆಂಟ್ ಹೀಗಿರುವುದಿಲ್ಲ. ಅವನು 300 ಹಾಕಿ, ಸೋತು, ಮಲಗುತ್ತಾನೆ. ಈ ಬಗೆಯ ಸಾಲು ಒಂದೆರಡು ರಾತ್ರಿ ಅಲ್ಲ, ಪದೇ ಪದೇ ಕಾಣುತ್ತಿದ್ದರೆ ಹಿಡಿತ ತಪ್ಪಿದೆ ಎಂದರ್ಥ. ಮುಚ್ಚಿಡುವುದು, ಬೇರೆಯವರ ದುಡ್ಡಿನಿಂದ ಹಳ್ಳ ಮುಚ್ಚುವುದು, ಆಡದ ದಿನ ಸಿಡುಕುವುದು ಇವೂ ಆ ಒಂಬತ್ತರಲ್ಲೇ ಬರುತ್ತವೆ.

ಲಿಂಕ್ ಬಗ್ಗೆ ಹೇಳಲೇಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ಕೌಶಲವೋ ಅದೃಷ್ಟವೋ ಎಂಬ ಭೇದ ಅದರಲ್ಲಿಲ್ಲ. ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ. ಸುಮ್ನೆ ಆಡಿದವರಿಗಲ್ಲ. ಆದ್ದರಿಂದ ಸಹಾಯ ಕೇಳಲು ನಿಮ್ಮ ಯಜಮಾನರು ಹೆದರಬೇಕಾಗಿಲ್ಲ. ಆದರೆ ಈಗ ಲಿಂಕ್‌ನಲ್ಲಿ ಸಿಗುವ ಇಂಥ ಆಟಗಳು ಎಷ್ಟೋ ಸಲ ಹೊರದೇಶದಿಂದ ನಡೆಯುತ್ತವೆ. ದುಡ್ಡು ಯಾರದೋ ಹೆಸರಿನ ಯುಪಿಐಗೆ ಹೋಗುತ್ತದೆ. ಗೆದ್ದ ದುಡ್ಡು ಬೇರೆ ಯಾರದೋ ಖಾತೆಯಿಂದ ಬರುತ್ತದೆ. ಆ ಖಾತೆಯ ಮೇಲೆ ಸೈಬರ್ ವಂಚನೆಯ ದೂರಿದ್ದರೆ ನಿಮ್ಮ ಸಂಬಳದ ಖಾತೆಯೂ ತಡೆಹಿಡಿಯಲ್ಪಡಬಹುದು. ಈ ಮಾತನ್ನು ಯಜಮಾನರಿಗೆ ಹೇಳಿ. ಚಟ ಎಂದರೆ ಸಿಟ್ಟು ಬರುವವರೂ ಖಾತೆ ನಿಂತುಹೋಗುತ್ತದೆ ಎಂದರೆ ಕೇಳಿಸಿಕೊಳ್ಳುತ್ತಾರೆ.

ಮಾತಾಡುವುದನ್ನು ರಾತ್ರಿ ಅವರು ಆಡಿ ಮುಗಿಸಿದಾಗ ಇಟ್ಟುಕೊಳ್ಳಬೇಡಿ. ರಜೆಯ ದಿನ ಬೆಳಿಗ್ಗೆ, ಅತ್ತೆ ಮಾವ ಎದುರಿಗಿಲ್ಲದಾಗ ಕೂತುಕೊಳ್ಳಿ. ‘ಯಾಕೆ ಆಡಿದ್ರಿ’ ಎಂದು ಕೇಳಿದರೆ ವಾದ ಶುರುವಾಗುತ್ತದೆ. ‘ಒಟ್ಟು ಎಷ್ಟು ಸಾಲ ಇದೆ, ಇಬ್ಬರೂ ಬರೆಯೋಣ ಬನ್ನಿ’ ಅನ್ನಿ. ಗಿರವಿ, ಕೈಸಾಲ, ಲೋನ್ ಆಪ್, ಸಂಘದ ಸಾಲ ಎಲ್ಲ ಒಂದೇ ಹಾಳೆಯಲ್ಲಿ ಬರಲಿ. ಮೊದಲ ಸಲ ಹೇಳುವ ಮೊತ್ತ ಸಾಮಾನ್ಯವಾಗಿ ಪೂರ್ತಿ ಇರುವುದಿಲ್ಲ. ನಾಚಿಕೆಯಿಂದ ಒಂದೆರಡು ಬಿಟ್ಟಿರುತ್ತಾರೆ. ಒಂದು ವಾರ ಬಿಟ್ಟು ಮತ್ತೆ ಕೇಳಿ.

ತವರಿನಿಂದ ದುಡ್ಡು ತಂದು ಎಲ್ಲವನ್ನೂ ಒಂದೇ ಸಲ ತೀರಿಸಿಬಿಡೋಣ ಎಂದು ನಿಮಗೆ ಅನ್ನಿಸಬಹುದು. ದಯವಿಟ್ಟು ಬೇಡ. ಸಾಲ ತಟ್ಟನೆ ತೀರಿದರೆ ಎಷ್ಟೋ ಜನರಿಗೆ ಮತ್ತೆ ಆಡಲು ಜಾಗ ಸಿಕ್ಕಂತಾಗುತ್ತದೆ. ತೀರಿಸುವುದಾದರೆ ಅವರ ಕೈಗೆ ಕೊಡದೆ, ಸಾಲ ಕೊಟ್ಟವರಿಗೇ ನೇರವಾಗಿ, ಕಂತಿನಲ್ಲಿ ಕೊಡಿ. ಬಡ್ಡಿ ಜಾಸ್ತಿ ಇರುವುದು ಮೊದಲು. ಸಂಬಳ ಬಂದ ದಿನವೇ ಮನೆ ಖರ್ಚಿನ ದುಡ್ಡು ನಿಮ್ಮ ಖಾತೆಗೆ ಬರಲಿ. ಅವರ ಖಾತೆಯ ಯುಪಿಐ ಮಿತಿಯನ್ನು ಬ್ಯಾಂಕ್ ಆಪ್‌ನಲ್ಲಿ ಆದಷ್ಟು ಕಡಿಮೆ ಮಾಡಿಸಿ. ರಾತ್ರಿ ಫೋನ್ ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಇರಲಿ. ಇವೆಲ್ಲ ಜಗಲಿಯಲ್ಲಿದ್ದ ತಡೆಗಳನ್ನು ಮತ್ತೆ ಕಟ್ಟಿಕೊಡುವ ಕೆಲಸ. ಅವರ ಒಪ್ಪಿಗೆ ಇದ್ದರಷ್ಟೇ ನಡೆಯುತ್ತದೆ.

ಇಷ್ಟರಿಂದಲೇ ಚಟ ಬಿಡುತ್ತದೆ ಎಂದು ಹೇಳಲಾರೆ. ಆಸೆ ಎದ್ದಾಗ ಏನು ಮಾಡಬೇಕು, ‘ಇನ್ನೊಂದು ಆಟದಲ್ಲಿ ಬಂದುಬಿಡುತ್ತೆ’ ಎಂಬ ಯೋಚನೆಯನ್ನು ಹೇಗೆ ಎದುರಿಸಬೇಕು ಎಂದು ಕಲಿಸುವ ಆಪ್ತಸಮಾಲೋಚನೆ ಬೇಕು. ಖಿನ್ನತೆ ಅಥವಾ ಕುಡಿತ ಜೊತೆಗಿದ್ದರೆ ಅದಕ್ಕೂ ಚಿಕಿತ್ಸೆ ಆಗಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್ ಗೀಳಿಗೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ. ಮನೆಯಿಂದಲೇ ಮಾತಾಡಬೇಕಾದರೆ 14416ಕ್ಕೆ, ಅಂದರೆ ಟೆಲಿ-ಮಾನಸ್‌ಗೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ. ಮುಚ್ಚಿಟ್ಟ ಸಾಲ ಹೊರಬಿದ್ದ ಮೊದಲ ಕೆಲವು ವಾರ ಸೂಕ್ಷ್ಮವಾದವು. ಅವರು ಮಾತು ಬಿಟ್ಟರೆ, ‘ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ’ ಎನ್ನುವಂಥ ಮಾತು ಬಂದರೆ, ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬರುತ್ತಿದೆ ಎಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಮುಂದಿನ ಯುಗಾದಿ. ಮಾವನವರ ಆಟ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಹಿಡಿತ ತಪ್ಪಿದವರಿಗೆ 20 ರೂಪಾಯಿಯ ಆಟವೂ ಹಳೆಯ ಆಸೆಯನ್ನು ಎಬ್ಬಿಸುತ್ತದೆ. ನಿಮ್ಮ ಯಜಮಾನರು ಈ ಸಲ ದುಡ್ಡಿಟ್ಟು ಆಡುವ ಕಡೆ ಕೂರಬಾರದು, ಎಲೆ ಹಂಚಲೂ ಬೇಡ. ಮಾವನವರಿಗೆ ಪೂರ್ತಿ ವಿಷಯ ಹೇಳುವುದು ಬಿಡುವುದು ನಿಮ್ಮಿಬ್ಬರ ತೀರ್ಮಾನ. ಅವರು ಒಪ್ಪಿದರೆ ಈ ವರ್ಷ ಹುಣಸೆ ಬೀಜವೋ ಬರೀ ಪಾಯಿಂಟೋ ಇಟ್ಟು ಎಲ್ಲರೂ ಆಡಲಿ. ಅದರಲ್ಲೂ ಸೇರುವುದು ಸರಿಯಾ ಎಂದು ನಿಮ್ಮ ಯಜಮಾನರು ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ. ಮಾವನವರು ಒಪ್ಪದಿದ್ದರೆ ಬೆಳಗಿನ ಪೂಜೆ, ಊಟ ಮುಗಿಸಿಕೊಂಡು, ಆಟ ಶುರುವಾಗುವ ಮೊದಲೇ ಇಬ್ಬರೂ ಹೊರಟುಬಿಡಿ. ಹಬ್ಬಕ್ಕೆ ಒಂದು ವಾರ ಮುಂಚೆ ಸಮಾಲೋಚಕರನ್ನು ಒಮ್ಮೆ ಕಂಡು, ಭಾವಂದಿರು ‘ಒಂದೇ ಆಟ ಬಾರೋ’ ಎಂದು ಕರೆದರೆ ಏನು ಹೇಳಬೇಕು ಎಂಬುದನ್ನೂ ಮಾತಾಡಿಕೊಂಡು ಬನ್ನಿ.